‘ಫೋಟೋ ನೋಡಿ ಏನೂ ಹೇಳೋಕಾಗಲ್ಲ’: ಸಿರವಾರದಿಂದ ಡಾಕ್ಟರಿಗೆ ಕಳಿಸಿದ ಒಂದು ಕಲೆ

ನಮ್ಮ ದೊಡ್ಡವ್ವನಿಗೆ ಸೊಂಟದಲ್ಲಿ, ಲಂಗದ ಲಾಡಿ ಕಟ್ಟುವ ಜಾಗದಲ್ಲೇ ತುರಿಕೆ ಶುರುವಾಗಿ ಎರಡು ತಿಂಗಳಾಗಿತ್ತು. ಬೆವರು, ಒದ್ದೆ ಬಟ್ಟೆ, ಬಿಗಿದ ಲಾಡಿ: ಸಿರವಾರದ ಸುತ್ತ ಭತ್ತ ನಾಟಿಗೆ ಹೋಗುವ ಹೆಂಗಸರಿಗೆ ಇದು ಹೊಸದಲ್ಲ. ರಾಯಚೂರಿನ ರಿಮ್ಸ್‌ಗೆ ಹೋಗೋಣ ಅಂದರೆ, “ಒಂದಿನದ ಕೂಲಿ ಯಾರ್ ಕೊಡ್ತಾರಪಾ?” ಅಂದಳು. ಪ್ರಶ್ನೆ ಸರಿಯೇ ಇತ್ತು. ಹಾಗಾಗಿ ಫೋನಿನಲ್ಲೇ ಒಬ್ಬ ಚರ್ಮದ ಡಾಕ್ಟರನ್ನು ಕೇಳಿದೆವು.

ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಫ್ಲ್ಯಾಶ್ ಹಾಕಿ ನಾಲ್ಕು ಫೋಟೋ ತೆಗೆಸಿ ಕಳಿಸಿದ್ದೆ. ಡಾಕ್ಟರ್ ಹೇಳಿದ್ದು ಒಂದೇ ಮಾತು: “ಇದ್ರಲ್ಲಿ ಹೊಳಪು ಬಿಟ್ರೆ ಏನೂ ಕಾಣ್ತಿಲ್ಲ. ಇದನ್ನ ನೋಡಿ ಏನೂ ಹೇಳೋಕಾಗಲ್ಲ.”

ಫ್ಲ್ಯಾಶ್ ಬೆಳಕು ನೇರವಾಗಿ ಚರ್ಮಕ್ಕೆ ಬಡಿದು ವಾಪಸ್ ಬರುತ್ತೆ. ಎಣ್ಣೆ, ಬೆವರು ಇದ್ದರಂತೂ ಬಿಳಿ ಮಚ್ಚೆಯೇ ಕಾಣೋದು. ಉಬ್ಬು-ತಗ್ಗು ಅಳಿಸಿಹೋಗುತ್ತೆ. ಮರುದಿನ ಬೆಳಗ್ಗೆ ಹತ್ತಕ್ಕೆ, ಕಲೆಯ ಮೇಲಿದ್ದ ಮುಲಾಮನ್ನು ಒರೆಸಿ, ದೊಡ್ಡವ್ವನನ್ನು ಬಾಗಿಲ ಒಳಗೆ, ಬಿಸಿಲು ಬೀಳದ ಆದರೆ ಬೆಳಕಿರುವ ಜಾಗದಲ್ಲಿ ನಿಲ್ಲಿಸಿದೆವು. ಸೊಂಟದ ಫೋಟೋ ಆದ್ದರಿಂದ ಫೋನ್ ಹಿಡಿದದ್ದು ನಾನಲ್ಲ, ಅಕ್ಕ. ನಾನು ಹೊರಗೆ ಕೂತು ಹೇಳ್ತಾ ಹೋದೆ. ಬ್ಯೂಟಿ ಮೋಡ್ ಆಫ್ ಮಾಡಿಸಿದೆ. ಅದು ಚರ್ಮವನ್ನು ನುಣ್ಣಗೆ ಮಾಡಿ ರೋಗವನ್ನೇ ಒರೆಸಿಬಿಡುತ್ತೆ.

ಹಿಂದೆ ಬಿಳಿ ಬೆಡ್‌ಶೀಟ್ ಇಟ್ಟಿದ್ದು ನನ್ನದೇ ತಪ್ಪು. ಬಿಳಿ ಜಾಸ್ತಿ ಕಂಡರೆ ಕ್ಯಾಮೆರಾ ಒಟ್ಟು ಬೆಳಕನ್ನು ತಗ್ಗಿಸುತ್ತೆ, ನಮ್ಮಂಥವರ ಕಪ್ಪು ಚರ್ಮ ಇನ್ನೂ ಕಪ್ಪಾಗುತ್ತೆ. ಹೊಳಪಿಲ್ಲದ ನೀಲಿ ಬಟ್ಟೆ ಇಟ್ಟ ಮೇಲೆ ಬಣ್ಣ ಸರಿಯಾಯ್ತು. ಪುಸ್ತಕಗಳಲ್ಲಿ ‘ಕೆಂಪು ಕಲೆ’ ಅಂತ ಬರೆದಿರೋದು ನಮ್ಮ ಮೈಮೇಲೆ ಕಂದು ಅಥವಾ ನೇರಳೆಯಾಗಿ ಕಾಣಬಹುದು. (ಆ ಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಾಗಿ ಇರೋದು ಬಿಳಿ ಚರ್ಮವೇ. ಅದು ಬೇರೆಯೇ ಜಗಳ.)

ಅಕ್ಕ ಮೊದಲು ದೂರದಿಂದ ಇಡೀ ಬೆನ್ನು, ಸೊಂಟ, ಕೈ ಬರುವಂತೆ ತೆಗೆದಳು. ಆಮೇಲೆ ಒಂದಡಿ ದೂರದಿಂದ ಕಲೆ ಮತ್ತು ಅದರ ಸುತ್ತಲಿನ ಚೆನ್ನಾಗಿರುವ ಚರ್ಮ. ಕೊನೆಗೆ ಕಲೆಯ ಅಂಚು. ಹುಳಕಡ್ಡಿ ಹೆಚ್ಚಾಗಿ ಗೊತ್ತಾಗೋದೇ ಅಂಚಿನಿಂದ: ಅಂಚು ಉಬ್ಬಿ ಪೊರೆ ಎದ್ದಿರುತ್ತೆ, ನಡುವೆ ಸ್ವಲ್ಪ ತಿಳಿಯಾಗಿರುತ್ತೆ. ನಾವು ಮೊದಲು ಕಳಿಸಿದ್ದು ನಡುಭಾಗ ಮಾತ್ರ. ಹತ್ತಿರದ ಫೋಟೋ ಅಂತ ಫೋನನ್ನು ಚರ್ಮಕ್ಕೆ ಅಂಟಿಸಿದರೆ ಫೋಕಸ್ ಆಗಲ್ಲ. ಒಂದು ಗೇಣು ಹಿಂದೆ ಸರಿದು, ಸ್ವಲ್ಪ ಜೂಮ್ ಮಾಡಿ, ಕಲೆಯ ಮೇಲೆ ಬೆರಳಿಂದ ಒತ್ತಿ ಫೋಕಸ್ ಮಾಡಬೇಕು. ಉಬ್ಬು ಕಾಣಲಿ ಅಂತ ಓರೆಯಾಗಿಯೂ ಒಂದು ತೆಗೆಯಿರಿ.

ಅಳತೆಗೆ ಅಕ್ಕ ರೂಪಾಯಿ ನಾಣ್ಯ ಇಟ್ಟಳು. ಅದರಲ್ಲೂ ತೊಡಕಿದೆ. 2011ರ ಸರಣಿಯ ಒಂದು ರೂಪಾಯಿ ಸುಮಾರು 22 ಮಿ.ಮೀ. ಅಗಲ, 2019ರ ಸರಣಿಯದು 20 ಮಿ.ಮೀ., ಇನ್ನೂ ಹಳೆಯದು 25. ಹತ್ತು ರೂಪಾಯಿಯದು 27 ಮಿ.ಮೀ. ನಾಣ್ಯ ಇಡಲೇಬೇಕಾದರೆ ಅದನ್ನೇ ಇಡಿ. ಶಾಲೆಯ ಸ್ಕೇಲ್ ಇದ್ದರೆ ಇನ್ನೂ ಒಳ್ಳೆಯದು. ಸ್ಕೇಲನ್ನು ಕಲೆಯ ಪಕ್ಕದಲ್ಲೇ, ಚರ್ಮಕ್ಕೆ ತಾಗಿಸಿ ಇಡಬೇಕು. ಎತ್ತಿ ಹಿಡಿದರೆ ಅದು ಕ್ಯಾಮೆರಾಗೆ ಹತ್ತಿರವಾಗಿ ದೊಡ್ಡದಾಗಿ ಕಾಣುತ್ತೆ, ಕಲೆ ಇರೋದಕ್ಕಿಂತ ಚಿಕ್ಕದು ಅನಿಸುತ್ತೆ. ಎರಡು ವಾರ ಬಿಟ್ಟು ಮತ್ತೆ ತೆಗೆದಾಗ ಹಬ್ಬಿದೆಯೋ ಕುಗ್ಗಿದೆಯೋ ಹೇಳೋದು ಈ ಸ್ಕೇಲೇ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ, ಅಂಚಿನ ಪೊರೆ ಮಸುಕಾಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತೆ. ಆದರೆ ಹಾಗೆ ಕಳಿಸಿದಾಗ ಫೋಟೋದೊಳಗೆ ದಾಖಲಾದ ಮನೆಯ ಲೊಕೇಶನ್ ಕೂಡ ಜೊತೆಗೆ ಹೋಗಬಹುದು. ತೆಗೆಯುವ ಮುಂಚೆಯೇ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ.

ಡಾಕ್ಟರ್ ಇನ್ನೊಂದು ಕೇಳಿದ್ರು: “ಹಚ್ಚಿದ ಟ್ಯೂಬಿನ ಹಿಂಭಾಗದ ಫೋಟೋ ಕಳಿಸಿ.” ಮೆಡಿಕಲ್ ಶಾಪ್‌ನಿಂದ ಚೀಟಿ ಇಲ್ಲದೆ ತಂದದ್ದು. ಸಣ್ಣ ಅಕ್ಷರದಲ್ಲಿ ಕ್ಲೊಬೆಟಾಸಾಲ್ ಅಂತಿತ್ತು, ಅಂದರೆ ಜೋರಾದ ಸ್ಟೆರಾಯ್ಡ್. ಅದು ತುರಿಕೆ ತಗ್ಗಿಸುತ್ತೆ, ಫಂಗಸ್ಸಿಗೆ ಮಾತ್ರ ದಾರಿ ಬಿಡುತ್ತೆ. ಹುಳಕಡ್ಡಿಯ ಅಂಚೂ ಅಳಿಸಿ, ಯಾವ ರೋಗ ಅಂತ ಗುರುತೇ ಸಿಗದಂತಾಗುತ್ತೆ. ಎರಡನೇ ಸಲದ ಫೋಟೋ ಮತ್ತು ಟ್ಯೂಬು ಒಟ್ಟಿಗೆ ನೋಡಿದ ಮೇಲೆ, ಇದು ಸ್ಟೆರಾಯ್ಡಿನಿಂದ ರೂಪ ಕೆಟ್ಟ ಹುಳಕಡ್ಡಿ ಅಂದರು. ಆ ಟ್ಯೂಬ್ ಬಿಡಿಸಿ ಬೇರೆ ಔಷಧಿ ಬರೆದರು. ಬಿಟ್ಟ ಮೇಲೆ ಕೆಲವು ದಿನ ಕಡಿತ ಜಾಸ್ತಿಯಾಗಬಹುದು, ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ ಅಂತಲೂ ಎಚ್ಚರಿಸಿದರು.

ದೂರದ ಫೋಟೋದಲ್ಲಿ ದೊಡ್ಡವ್ವನ ಮೊಣಕೈ ಮೇಲೆ ಮಾಸಲು ಬಿಳುಪಿನ ಮಚ್ಚೆಯೊಂದು ಅವರ ಕಣ್ಣಿಗೆ ಬಿತ್ತು. “ಅಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ?” ಅಂತ ಕೇಳಿದರು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಹೋಗಿರಬಹುದು, ಅದನ್ನು ಯಾವ ಕ್ಯಾಮೆರಾನೂ ತೋರಿಸಲ್ಲ. ಊರಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ದೊಡ್ಡವ್ವ ಕಣ್ಣು ಮುಚ್ಚಿ ಕೂತಳು. ನರ್ಸ್ ಹತ್ತಿಯ ಎಳೆ ತಾಗಿಸಿದಾಗಲೆಲ್ಲ ಅದೇ ಜಾಗಕ್ಕೆ ಬೆರಳಿಟ್ಟು, “ಇಲ್ಲೈತಿ ನೋಡವ್ವ” ಅಂದಳು.