ಉತ್ತರದ ಪುಟ ಬೇರೆಯೇಕೆ?

ಪ್ರಶ್ನೆ: ನಿವೃತ್ತ ಉಪಾಧ್ಯಾಯರೊಬ್ಬರು ಸಿದ್ಧಪಡಿಸಿದ ಕನ್ನಡ ಪ್ರಶ್ನೆಪತ್ರಿಕೆಯ ಪಿಡಿಎಫ್‌ನಲ್ಲಿ ಮೂರನೆಯ ಪುಟಕ್ಕೆ ಪ್ರಶ್ನೆಗಳು ಮುಗಿದು, ನಾಲ್ಕನೆಯದು ಖಾಲಿಯಿದ್ದು, ಐದರಿಂದ ಉತ್ತರಸೂಚಿ ಆರಂಭವಾಗುತ್ತದೆ. ಏಕೆ?

ಉತ್ತರ: ಆ ಖಾಲಿ ಪುಟ ಉದ್ದೇಶಪೂರ್ವಕವಾದುದು. ಹಾಳೆಯ ಎರಡೂ ಮಗ್ಗುಲಿಗೆ ಮುದ್ರಿಸುವಾಗ ಬೆಸಸಂಖ್ಯೆಯ ಪುಟವು ಮುಂಬದಿಗೂ ಸಮಸಂಖ್ಯೆಯದು ಅದರ ಬೆನ್ನಿಗೂ ಬೀಳುವುದರಿಂದ, ಉತ್ತರಸೂಚಿಯು ನಾಲ್ಕರಲ್ಲಿಯೇ ತೊಡಗಿದ್ದರೆ, ಸಂಧಿಯನ್ನು ಬಿಡಿಸಿ ಹೆಸರಿಸಿರೆಂಬ ಪ್ರಶ್ನೆಯ ಹಿಂಬದಿಯಲ್ಲಿಯೇ ‘ಮಹಾ + ಈಶ = ಮಹೇಶ, ಗುಣಸಂಧಿ’ ಎಂಬ ಉತ್ತರವೂ ಅಚ್ಚಾಗಿ ವಿದ್ಯಾರ್ಥಿಯ ಕೈಸೇರುತ್ತಿತ್ತು. ಈಗಲಾದರೋ ಮೊದಲ ಎರಡು ಹಾಳೆ ಮಕ್ಕಳಿಗೆ, ಉಳಿದುದು ಮೌಲ್ಯಮಾಪಕರಿಗೆ. ಆದರೆ ಕಡತವನ್ನೇ ಮಕ್ಕಳಿಗೆ ಕಳುಹಿಸುವುದಾದರೆ ಈ ಎಚ್ಚರಿಕೆ ಸಾಲದು. ಮುದ್ರಿಸುವಾಗ ಪುಟಗಳ ಜಾಗದಲ್ಲಿ 1-3 ಎಂದು ಕೊಟ್ಟು, ಪ್ರಶ್ನೆಗಳನ್ನಷ್ಟೇ ಬೇರೊಂದು ಪಿಡಿಎಫ್ ಆಗಿ ಉಳಿಸಿಕೊಳ್ಳತಕ್ಕದ್ದು.