ಜಾಡಿಯ ತಳದಲ್ಲಿ ಬರೆದ ತಾರೀಖು

ನನ್ನ ಅತ್ತಿಗೆ ಮೈಸೂರಿನಲ್ಲಿ ಮನೆಯ ಅಡುಗೆಕಟ್ಟೆಯ ಮೇಲೆ ಸೋಯಾ ಮೇಣದ ಬತ್ತಿ ಮಾಡುತ್ತಾರೆ. ಗಾಜಿನ ಜಾಡಿಯಲ್ಲಿ ಮಲ್ಲಿಗೆ, ಶ್ರೀಗಂಧ, ಕಾಫಿಯ ಪರಿಮಳ. 2024ರ ದೀಪಾವಳಿಗೆ ಮೊದಲ ಸಲ ಮುಂಗಡ ಆರ್ಡರ್ ತೆಗೆದುಕೊಂಡರು. ಅವರು ಹಾಕಿದ ಪೋಸ್ಟ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಹಬ್ಬಕ್ಕೆ ಮೊದಲು ನಿಮ್ಮ ಮನೆಗೆ.’ ಅರವತ್ತು ಚಿಲ್ಲರೆ ಆರ್ಡರ್ ಬಂತು. ಜಾಡಿಗಳು ಒಂದು ವಾರ ತಡವಾದವು. ಮೇಣ ಹುಯ್ದ ಮೂರನೇ ದಿನಕ್ಕೇ ಪೊಟ್ಟಣ ಕಟ್ಟಿ ಕಳಿಸಬೇಕಾಯಿತು. ಹಬ್ಬ ಕಳೆದ ಮೇಲೆ ಒಂದೇ ದೂರು ಮತ್ತೆ ಮತ್ತೆ ಬಂತು: ‘ಮೂಗಿನ ಹತ್ತಿರ ಹಿಡಿದರೆ ಘಮ ಇದೆ, ಹಚ್ಚಿದರೆ ಏನೂ ಇಲ್ಲ.’

ಪರಿಮಳದ ಎಣ್ಣೆ ಕಡಿಮೆ ಬಿದ್ದಿರಲಿಲ್ಲ. ಕಡಿಮೆ ಬಿದ್ದದ್ದು ದಿನ.

ಸೋಯಾ ಮೇಣ ಎಂದರೆ ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ವನಸ್ಪತಿಯ ಹತ್ತಿರದ ನೆಂಟ ಅನ್ನಬಹುದು. ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಅದನ್ನು ಕರಗಿಸಿ, 80 ಡಿಗ್ರಿ ಆಸುಪಾಸಿನಲ್ಲಿ ಸುಗಂಧ ತೈಲ ಹಾಕಿ, ಎರಡು ನಿಮಿಷ ನಿಧಾನವಾಗಿ ಕಲಕಿ, 60 ಡಿಗ್ರಿಗೆ ಇಳಿದಾಗ ಜಾಡಿಗೆ ಹುಯ್ಯುತ್ತಾರೆ. ಮಾರನೇ ದಿನ ಮುಟ್ಟಿ ನೋಡಿದರೆ ಕಲ್ಲಿನಂತೆ ಗಟ್ಟಿ. ಆದರೆ ಒಳಗೆ ಮೇಣದ ಹರಳುಗಳು ಇನ್ನೂ ಜೋಡಣೆಯಾಗುತ್ತಲೇ ಇರುತ್ತವೆ, ಎಣ್ಣೆ ಅದರೊಳಗೆ ಹಿಡಿದುಕೊಳ್ಳುವುದಕ್ಕೆ ಹೊತ್ತು ಬೇಕು. ಪ್ಯಾರಫಿನ್ ಮೇಣಕ್ಕೆ ಎರಡು ಮೂರು ದಿನ ಸಾಕು, ಸೋಯಾಕ್ಕೆ ಸುಮಾರು ಎರಡು ವಾರ. ಅತ್ತಿಗೆ ಇದಕ್ಕೆ ‘ಮಾಗಿಸೋದು’ ಅನ್ನುತ್ತಾರೆ. ಹೊಸದಾಗಿ ಹಾಕಿದ ಮಿಡಿ ಉಪ್ಪಿನಕಾಯಿಯನ್ನು ಮೂರನೇ ದಿನವೇ ಬಡಿಸುವವರು ಯಾರೂ ಇಲ್ಲವಲ್ಲ.

ಈ ಎರಡು ವಾರ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ‘ಕೆಲಸ ಏನು, ಕರಗಿಸಿ ಹುಯ್ಯೋದು ತಾನೆ?’ ಎಂದು ಕೇಳುವವರಿಗೆ ಪೋಸ್ಟ್‌ನಲ್ಲಿಯೇ ಉತ್ತರ ಇರಬೇಕು. ಹಾಗಾಗಿ 2025ರ ಪೋಸ್ಟ್ ಬರೆಯಲು ನಾವಿಬ್ಬರೂ ಕ್ಯಾಲೆಂಡರ್ ಇಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ಎಣಿಸಿದೆವು.

ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ರಾಜ್ಯದೊಳಗೆ ಮಾಮೂಲಿಯಾಗಿ ಮೂರು ದಿನ ಹಿಡಿಯುವ ಕೊರಿಯರ್ ಹಬ್ಬದ ವಾರ ಆರು ದಿನ ಹಿಡಿದರೂ ಕೇಳುವಂತಿಲ್ಲ. ಅದಕ್ಕೇ ಕಳಿಸುವ ದಿನಗಳನ್ನು ಅಕ್ಟೋಬರ್ 10 ಮತ್ತು 11 ಎಂದು ಗೊತ್ತು ಮಾಡಿದೆವು. ಪ್ಯಾಕಿಂಗ್‌ಗೆ 8 ಮತ್ತು 9. ಅಲ್ಲಿಂದ ಹದಿನಾಲ್ಕು ದಿನ ಹಿಂದೆ ಹೋದರೆ, ಕೊನೆಯ ಜಾಡಿಗೆ ಮೇಣ ಬೀಳಬೇಕಾದದ್ದು ಸೆಪ್ಟೆಂಬರ್ 24ಕ್ಕೆ.

ಇನ್ನು ಒಂದು ದಿನಕ್ಕೆ ಎಷ್ಟು ಆಗುತ್ತದೆ? ಒಂದು ಜಾಡಿಗೆ 150 ಗ್ರಾಂ ಮೇಣ, ಅದರ ನೂರಕ್ಕೆ ಎಂಟರಂತೆ 12 ಗ್ರಾಂ ತೈಲ. ಒಂದು ಪಾತ್ರೆಯಲ್ಲಿ ಹನ್ನೆರಡು ಜಾಡಿ, ದಿನಕ್ಕೆ ಎರಡು ಪಾತ್ರೆ. ಅದಕ್ಕಿಂತ ಹೆಚ್ಚು ಬೇಕೆಂದರೂ ಊಟದ ಮೇಜಿನ ಮೇಲೆ ಜಾಗ ಇಲ್ಲ, ಹುಯ್ದ ಜಾಡಿಯನ್ನು ತಣ್ಣಗಾಗುವವರೆಗೆ ಅಲುಗಿಸುವಂತೆಯೂ ಇಲ್ಲ. ಸೆಪ್ಟೆಂಬರ್ 18ರಿಂದ 24ರವರೆಗೆ ಏಳು ದಿನ. ಅದರಲ್ಲಿ 21 ಮಹಾಲಯ ಅಮಾವಾಸ್ಯೆ, 22ರಿಂದ ನವರಾತ್ರಿ, ಅಂದು ಗೊಂಬೆ ಕೂರಿಸಬೇಕು. ಆ ಎರಡು ದಿನ ಒಲೆ ಮೇಣಕ್ಕೆ ಸಿಗುವುದಿಲ್ಲ. ಉಳಿದದ್ದು ಐದು ದಿನ, 120 ಜಾಡಿ. ಒಡೆಯುವುದಕ್ಕೆ, ಹಚ್ಚಿ ಪರೀಕ್ಷಿಸುವುದಕ್ಕೆ ಹತ್ತು ಬಿಟ್ಟರೆ ಮಾರಲು 110. ಪೋಸ್ಟ್‌ನಲ್ಲಿ ‘110ಕ್ಕೆ ಆರ್ಡರ್ ನಿಲ್ಲಿಸುತ್ತೇವೆ’ ಎಂಬ ಸಾಲು ಬಂದದ್ದು ಹೀಗೆ. ಅದನ್ನು ಆಸೆ ಹುಟ್ಟಿಸುವ ತಂತ್ರ ಅಂದುಕೊಂಡವರೂ ಇದ್ದರು. ಅಲ್ಲ, ಅದು ಮೇಜಿನ ಅಳತೆ.

ಜಾಡಿ ಮನೆ ಸೇರಲು ಎಂಟು ದಿನ ಬಿಡಬೇಕು. ಹಾಗಾಗಿ ಗಣೇಶನ ಹಬ್ಬ ಮುಗಿದ ಮೇಲೆ ಆಗಸ್ಟ್ 29ಕ್ಕೆ ಆರ್ಡರ್ ಶುರು, ಸೆಪ್ಟೆಂಬರ್ 7ಕ್ಕೆ ಬಂದ್, 8ಕ್ಕೆ ಜಾಡಿ ತರಿಸುವುದು.

ಬರೆಯುವಾಗ ಒಂದು ಮಾತಿನ ಮೇಲೆ ನಮ್ಮಿಬ್ಬರಿಗೂ ಸ್ವಲ್ಪ ಜಗಳವಾಯಿತು. ‘ಅಕ್ಟೋಬರ್ 11ರೊಳಗೆ ಡೆಲಿವರಿ’ ಎಂದು ಅತ್ತಿಗೆ ಬರೆದಿದ್ದರು. ‘ಅತ್ತಿಗೆ, ಅದು ನೀವು ಕಳಿಸೋ ದಿನ, ಅವರಿಗೆ ಸಿಗೋ ದಿನ ಅಲ್ಲ’ ಅಂದೆ. ಅನೇಕ ಪೋಸ್ಟ್‌ಗಳು ಎಡವುವುದು ಇಲ್ಲೇ. ‘7ರಿಂದ 10 ದಿನ’ ಎಂದಿರುತ್ತದೆ. ದುಡ್ಡು ಕಟ್ಟಿದ ದಿನದಿಂದಲೋ, ಆರ್ಡರ್ ಮುಚ್ಚಿದ ದಿನದಿಂದಲೋ, ಭಾನುವಾರ ಸೇರಿಯೋ ಬಿಟ್ಟೋ, ಒಂದೂ ಗೊತ್ತಾಗುವುದಿಲ್ಲ. ಕೊನೆಗೆ ಹೀಗೆ ಬರೆದೆವು:

‘ಮೇಣ ಹುಯ್ಯುವುದು ಸೆಪ್ಟೆಂಬರ್ 18ರಿಂದ 24. ಎರಡು ವಾರ ಮಾಗಬೇಕು, ಅದಕ್ಕೆ ಮೊದಲು ಕಳಿಸುವುದಿಲ್ಲ. ನಮ್ಮ ಮನೆಯಿಂದ ಹೊರಡುವುದು ಅಕ್ಟೋಬರ್ 10 ಮತ್ತು 11. ಕರ್ನಾಟಕದೊಳಗೆ 17ರೊಳಗೆ ತಲುಪಬೇಕು. 18ಕ್ಕೂ ಬಾರದಿದ್ದರೆ ತಿಳಿಸಿ: ಬೇಕಾದರೆ ಪೂರ್ತಿ ಹಣ ವಾಪಸ್, ಇಲ್ಲವೇ ಕಾಯಬಹುದು.’

ಹಣ ವಾಪಸಿನ ಈ ಮಾತು ಬರೀ ಔದಾರ್ಯವಲ್ಲ. ಆನ್‌ಲೈನ್ ಮಾರಾಟಕ್ಕಾಗಿ 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್ ಮಾರುಕಟ್ಟೆಯ ಮಾರಾಟಗಾರರು ವಸ್ತು ಕೆಟ್ಟಿದ್ದರೆ, ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ಅವಘಡದಿಂದ ತಡವಾದರೆ ಮಾತ್ರ ವಿನಾಯಿತಿ. ಅದೇ ನಿಯಮಗಳಲ್ಲಿ ಇನ್ನೊಂದು ಸೊಗಸಾದ ಮಾತಿದೆ. ಗ್ರಾಹಕರು ಆರ್ಡರ್ ರದ್ದು ಮಾಡಿದ್ದಕ್ಕೆ ಶುಲ್ಕ ಹಿಡಿಯಬೇಕೆಂದರೆ, ವ್ಯಾಪಾರ ನಡೆಸುವವರು ತಾವಾಗಿ ರದ್ದು ಮಾಡಿದಾಗ ತಾವೂ ಅಂಥದ್ದೇ ಶುಲ್ಕ ತೆರಬೇಕು. ದೊಡ್ಡ ಆ್ಯಪ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದಿರಬಹುದು, ಅಡುಗೆಮನೆಯ ವ್ಯಾಪಾರಕ್ಕೂ ಈ ತಕ್ಕಡಿ ಸರಿಯಾಗಿಯೇ ತೂಗುತ್ತದೆ.

ನಮ್ಮ ಷರತ್ತುಗಳನ್ನು ಜಾಡಿಯ ಪ್ರಯಾಣದ ಮೇಲೆಯೇ ಕಟ್ಟಿದೆವು. ಜಾಡಿಯ ಬೆಲೆ 650 ರೂಪಾಯಿ. ಸೆಪ್ಟೆಂಬರ್ 7ರವರೆಗೆ ಯಾವ ಖರ್ಚೂ ಆಗಿರುವುದಿಲ್ಲ, ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. 8ರಿಂದ 17ರವರೆಗೆ ಜಾಡಿ, ತೈಲಕ್ಕೆ ದುಡ್ಡು ಹೋಗಿರುತ್ತದೆ, 50 ರೂಪಾಯಿ ಹಿಡಿದು ಉಳಿದದ್ದು ವಾಪಸ್. ಅತ್ತಿಗೆಯೇ ಕೈಚೆಲ್ಲಿದರೆ 650ರ ಮೇಲೆ 50 ಸೇರಿಸಿ ಕೊಡುವುದು. 18ರಿಂದ ನೀವು ಆರಿಸಿದ ಪರಿಮಳ ನಿಮ್ಮ ಜಾಡಿಗೆ ಬಿದ್ದಾಯಿತು, ಅಲ್ಲಿಂದ ಮುಂದೆ ರದ್ದು ಇಲ್ಲ. ಆದರೆ ಅಕ್ಟೋಬರ್ 8ರವರೆಗೆ ವಿಳಾಸ ಬದಲಿಸಬಹುದು. ಒಡೆದು ಬಂದರೆ ಯಾವಾಗಲೂ ಪೂರ್ತಿ ಹಣ, ಪೊಟ್ಟಣ ಬಿಚ್ಚಿದ ದಿನವೇ ಫೋಟೊ ಕಳಿಸಿದರೆ ಸಾಕು.

ಕೆಟ್ಟದ್ದು ಯಾವುದು, ಕೆಟ್ಟದ್ದಲ್ಲ ಯಾವುದು ಎಂಬುದಕ್ಕೂ ಎರಡು ಸಾಲು ಬೇಕಾಯಿತು. ಸೋಯಾ ಮೇಣದ ಮೇಲೆ ಕೆಲವೊಮ್ಮೆ ಬಿಳಿ ಹೂವಿನಂಥ ಪೊರೆ ಕಟ್ಟುತ್ತದೆ. ಹಳೇ ಮಾಲು ಎಂದು ಜನ ಹೆದರುತ್ತಾರೆ. ಅದು ಹರಳಿನ ಗುರುತು ಅಷ್ಟೆ, ಉರಿಯುವುದಕ್ಕೆ ಅಡ್ಡಿಯಿಲ್ಲ. ಬತ್ತಿಯ ಸುತ್ತ ಮಾತ್ರ ಬಾವಿಯಂತೆ ಕೊರೆದು ಅಂಚಿನ ಮೇಣ ಹಾಗೇ ನಿಂತರೆ ವಿಚಾರಿಸಬೇಕು. ಮೊದಲ ಸಲ ಹಚ್ಚಿದವರು ಅರ್ಧ ಗಂಟೆಗೇ ಆರಿಸಿರಬಹುದು. ಏಳು ಸೆಂಟಿಮೀಟರ್ ಅಗಲದ ಜಾಡಿ ಅಂಚಿನವರೆಗೆ ಕರಗಲು ಸುಮಾರು ಮೂರು ಗಂಟೆ ಬೇಕು. ಮೂರು ಗಂಟೆ ಉರಿದ ಮೇಲೂ ಕೊರೆದರೆ ಬತ್ತಿ ಸಣ್ಣದಾಯಿತು, ತಪ್ಪು ಮಾಡಿದವರದ್ದು.

ಸೆಪ್ಟೆಂಬರ್ 20ಕ್ಕೆ ಹುಬ್ಬಳ್ಳಿಯ ಒಬ್ಬರು ರದ್ದು ಮಾಡಿ ಎಂದು ಬರೆದರು, ಹಬ್ಬಕ್ಕೆ ಊರಲ್ಲಿ ಇರುವುದಿಲ್ಲವಂತೆ. ಅತ್ತಿಗೆ ಪೋಸ್ಟ್‌ನ ಆ ಸಾಲನ್ನೇ ಕಳಿಸಿ, ಬೇರೆ ಯಾರಿಗಾದರೂ ಕಳಿಸಲೇ ಎಂದು ಕೇಳಿದರು. ಅರ್ಧ ದಿನ ಉತ್ತರವಿಲ್ಲ. ಸಂಜೆ ಬೆಳಗಾವಿಯ ಒಂದು ವಿಳಾಸ ಬಂತು, ಅವರ ತಂಗಿಯ ಮನೆಯದ್ದು. ಜಾಡಿ 10ಕ್ಕೆ ಹೊರಟಿತು, 14ಕ್ಕೆ ಸೇರಿತು. ಅತ್ತಿಗೆ ಪ್ರತಿ ಜಾಡಿಯ ತಳಕ್ಕೂ ಮಾರ್ಕರ್‌ನಲ್ಲಿ ಹುಯ್ದ ದಿನ ಬರೆಯುತ್ತಾರೆ. ಆ ತಂಗಿ ಅದನ್ನು ತಿರುಗಿಸಿ ನೋಡಿ ಮೆಸೇಜ್ ಹಾಕಿದ್ದರು: ‘19/9 ಅಂತಿದೆ. ಇದು ಎಕ್ಸ್‌ಪೈರಿ ಡೇಟಾ?’