ಹೊಸ ಪ್ಯಾಕೆಟ್, ಹಳೆಯ ಗಿರಾಕಿಯ ತಕರಾರು

ಪ್ಯಾಕೆಟ್ಟಿನ ಅಂದ ಕೆಟ್ಟಿತೆಂದು ಕಂಪನಿಗೆ ಪತ್ರ ಬರೆಯುವವರು ಬಹುಮಟ್ಟಿಗೆ ಹಳೆಯ ಗಿರಾಕಿಗಳೇ. ಹೊಸದಾಗಿ ಕೊಳ್ಳುವವರಿಗೆ ಹಳೆಯ ರೂಪ ಗೊತ್ತಿರುವುದಿಲ್ಲ. ಆ ಸರಕನ್ನು ಅಷ್ಟಾಗಿ ಹಚ್ಚಿಕೊಳ್ಳದವರು ಮಾತಿಲ್ಲದೆ ಪಕ್ಕದ ಪ್ಯಾಕೆಟ್ ಎತ್ತಿಕೊಂಡು ಹೋಗುತ್ತಾರೆ. ವರ್ಷಗಟ್ಟಲೆ ಒಂದೇ ಪುಡಿ, ಒಂದೇ ಸೋಪು, ಒಂದೇ ಉಪ್ಪಿನಕಾಯಿ ತರುತ್ತಿದ್ದವರಿಗೆ ಮಾತ್ರ ಕೂತು ಬರೆಯುವಷ್ಟು ಬೇಸರವಾಗುತ್ತದೆ. ಅವರ ಪತ್ರದಲ್ಲಿ ಎರಡು ಮಾತು ಜೊತೆಯಾಗಿ ಬರುವುದುಂಟು: ‘ಅಗ್ಗದ ಮಾಲಿನ ಹಾಗಿದೆ’, ‘ಗುರುತೇ ಸಿಗಲಿಲ್ಲ’. ಇವೆರಡೂ ಒಂದೇ ದೂರಿನಂತೆ ಕೇಳಿಸಿದರೂ ಹುಟ್ಟುವ ಕಡೆ ಬೇರೆ, ಬೇಡುವ ಉತ್ತರವೂ ಬೇರೆ.

ಈ ವಿಷಯ ಬಂದಾಗಲೆಲ್ಲ ನೆನಪಾಗುವುದು ಅಮೆರಿಕದ ಟ್ರಾಪಿಕಾನಾ ಕಿತ್ತಳೆ ರಸದ ಪ್ರಸಂಗ. ಆಗ ಪೆಪ್ಸಿಕೋ ಒಡೆತನದಲ್ಲಿದ್ದ ಈ ರಸದ ಡಬ್ಬದ ಮೇಲೆ ಬಹುಕಾಲದಿಂದ ಒಂದೇ ಚಿತ್ರವಿತ್ತು: ಇಡೀ ಕಿತ್ತಳೆ ಹಣ್ಣು, ಅದಕ್ಕೆ ಚುಚ್ಚಿದ ಪಟ್ಟೆಪಟ್ಟೆ ಸ್ಟ್ರಾ. 2009ರ ಜನವರಿಯಲ್ಲಿ ಹಣ್ಣು ಹೋಗಿ ಅದರ ಜಾಗಕ್ಕೆ ರಸ ತುಂಬಿದ ಗಾಜಿನ ಲೋಟ ಬಂತು. ಅಡ್ಡಲಾಗಿ ಬಾಗಿ ನಿಂತಿದ್ದ ಹೆಸರು ಸಣ್ಣ ಸಪೂರ ಅಕ್ಷರಗಳಲ್ಲಿ ಲಂಬವಾಗಿ ನಿಂತಿತು. ವಿನ್ಯಾಸ ಮಾಡಿದ್ದು ಪೀಟರ್ ಆರ್ನೆಲ್ ಅವರ ಸಂಸ್ಥೆ. ಜೊತೆಗೆ ಸುಮಾರು 3.5 ಕೋಟಿ ಡಾಲರಿನ ಜಾಹೀರಾತು ಅಭಿಯಾನವೂ ಇತ್ತು. ಡಬ್ಬದೊಳಗಿನ ರಸ ಮಾತ್ರ ಮೊದಲಿನದೇ.

ಪತ್ರ, ಇಮೇಲ್, ಫೋನು ಶುರುವಾದವು. ದೊಡ್ಡ ಅಂಗಡಿಗಳು ತಮ್ಮದೇ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುವ ಮಾಲಿನ ಹಾಗೆ ಕಾಣುತ್ತದೆ ಎನ್ನುವುದು ಒಂದು ದೂರು; ತಿರುಳು ಇರುವ ರಸ ಯಾವುದು, ಇಲ್ಲದ್ದು ಯಾವುದು ಎಂದು ತಿಳಿಯುವುದಿಲ್ಲ ಎನ್ನುವುದು ಇನ್ನೊಂದು. ಜನವರಿ 1ರಿಂದ ಫೆಬ್ರವರಿ 22ರ ನಡುವೆ ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು. ಫೆಬ್ರವರಿ ಮುಗಿಯುವ ಮುನ್ನವೇ ಹಳೆಯ ಡಬ್ಬವನ್ನು ಮರಳಿ ತರುವುದಾಗಿ ಕಂಪನಿ ಪ್ರಕಟಿಸಿತು. ಹೊಸ ವಿನ್ಯಾಸದಲ್ಲಿ ಉಳಿದುಕೊಂಡದ್ದು ಅರ್ಧ ಕಿತ್ತಳೆಯಾಕಾರದ ಪುಟ್ಟ ಮುಚ್ಚಳ. ಅದನ್ನೂ ಇನ್ನೊಂದು ಬಗೆಯ ರಸಕ್ಕೆ ವರ್ಗಾಯಿಸಲಾಯಿತು.

ಆಗ ಉತ್ತರ ಅಮೆರಿಕದ ಟ್ರಾಪಿಕಾನಾ ವಿಭಾಗದ ಅಧ್ಯಕ್ಷರಾಗಿದ್ದ ನೀಲ್ ಕ್ಯಾಂಬೆಲ್ ನೀಡಿದ ಕಾರಣ ಗಮನಿಸುವಂಥದ್ದು. ದೂರಿದವರ ಸಂಖ್ಯೆ ಕೊಳ್ಳುವವರ ಪೈಕಿ ಶೇಕಡ ಒಂದರಷ್ಟೂ ಇರಲಿಲ್ಲ, ಆದರೆ ಅವರು ಅತ್ಯಂತ ನಿಷ್ಠಾವಂತ ಗಿರಾಕಿಗಳಾಗಿದ್ದರು, ಹಳೆಯ ಡಬ್ಬದ ಮೇಲೆ ಅವರಿಗಿದ್ದ ಮಮತೆಯನ್ನು ತಾವು ಸರಿಯಾಗಿ ಅಳೆಯಲಿಲ್ಲ ಎಂಬುದು ಅವರ ಮಾತಿನ ಸಾರ. ಮಾರಾಟದ ಅಂಕಿಯೂ ಒಳಗೊಳಗೇ ಕುಟುಕಿರಬೇಕು ಎಂದು ಯಾರಿಗಾದರೂ ಅನಿಸದಿರದು. ಏನೇ ಆಗಲಿ, ದೂರಿದವರ ಮಾತಿನಲ್ಲಿ ಹುರುಳಿತ್ತು. ಅಂಗಡಿಯ ಕಪಾಟಿನ ಮುಂದೆ ನಿಂತವರು ಅಕ್ಷರ ಓದುತ್ತ ಕೂರುವುದಿಲ್ಲ. ಬಣ್ಣ, ಚಿತ್ರ, ಆಕಾರ ಕಂಡ ಕೂಡಲೇ ಕೈ ಹೋಗುತ್ತದೆ. ಟ್ರಾಪಿಕಾನಾ ಈ ಗುರುತುಗಳಲ್ಲಿ ಹೆಚ್ಚಿನವನ್ನು ಒಂದೇ ಏಟಿಗೆ ಅಳಿಸಿತ್ತು.

ಇಂಥ ದೂರಿಗೆ ಉತ್ತರ ಬರೆಯುವವರು ಮೊದಲು ಮಾಡಬೇಕಾದ ಕೆಲಸ, ಆ ಗಿರಾಕಿಯ ನಿಜವಾದ ಅನುಮಾನ ಯಾವುದೆಂದು ಪತ್ರದಲ್ಲಿ ಹುಡುಕುವುದು. ‘ಗುರುತು ಸಿಗಲಿಲ್ಲ’ ಎನ್ನುವವರಿಗೆ ಅದು ಅದೇ ಕಂಪನಿಯ ಅಸಲಿ ಮಾಲು ಹೌದೋ ಅಲ್ಲವೋ ಎಂಬ ಸಂಶಯ. ‘ಅಗ್ಗ’ ಎನ್ನುವವರಿಗೆ ಒಳಗಿನ ಸರಕಿನಲ್ಲೂ ಕೈಚಳಕ ನಡೆದಿರಬಹುದೆಂಬ ಅಳುಕು: ತೂಕ ಇಳಿಸಿದರೇ, ಕಲಬೆರಕೆ ಮಾಡಿದರೇ, ಕಂಪನಿ ಕೈಬದಲಾಯಿತೇ? ಅಂದಚಂದದ ಮಾತಿನ ಅಡಿಯಲ್ಲಿರುವ ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಹೊಸ ವಿನ್ಯಾಸವನ್ನು ಹೊಗಳಿದರೆ ಅನುಮಾನ ಬಲಿಯುತ್ತದೆ.

ಒಂದು ಉದಾಹರಣೆಯನ್ನು ಹಿಡಿದು ನೋಡಬಹುದು. ಫಿಲ್ಟರ್ ಕಾಫಿ ಪುಡಿ ಮಾರುವ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಅದರ 500 ಗ್ರಾಂ ಪ್ಯಾಕೆಟ್ ಮೊದಲು ಕೆಂಪಗೆ ಹೊಳೆಯುತ್ತಿತ್ತು, ಮೇಲೆ ಹಿತ್ತಾಳೆ ಫಿಲ್ಟರಿನ ಚಿತ್ರವಿತ್ತು. ಈಗ ಅದು ಹೊಳಪಿಲ್ಲದ ತಿಳಿ ಕಂದು ಬಣ್ಣಕ್ಕೆ ತಿರುಗಿದೆ, ಮೇಲೆ ಬರೀ ಅಕ್ಷರ. ಹಾಸನದ ಕಡೆಯ ಗೃಹಿಣಿಯೊಬ್ಬರು ಬರೆಯುತ್ತಾರೆ: “ನಮ್ಮತ್ತೆಯವರ ಕಾಲದಿಂದ ನಿಮ್ಮ ಪುಡಿಯನ್ನೇ ತರುತ್ತಿದ್ದೇವೆ. ಈ ಸಲ ಅಂಗಡಿಯವರು ಕೊಟ್ಟದ್ದನ್ನು ನೋಡಿ ಬೇರೆ ಯಾವುದೋ ಕಂಪನಿಯದೆಂದು ವಾಪಸ್ ಕೊಟ್ಟೆ. ಅವರು ಇದೇ ಅಂದರು. ಕವರು ತೆಳ್ಳಗೆ ಪರಪರ ಅನ್ನುತ್ತದೆ. ಪುಡಿಯ ಘಮವೂ ಮೊದಲಿನಂತಿಲ್ಲ ಅನ್ನಿಸಿತು. ಹಳೆಯ ಕವರೇ ಮತ್ತೆ ಬರುತ್ತದೆಯೇ?”

ಉತ್ತರಕ್ಕೆ ಕೂರುವ ಮುನ್ನ ಕಂಪನಿಯೊಳಗೇ ಕೆಲವು ಸಂಗತಿ ವಿಚಾರಿಸಿಕೊಳ್ಳಬೇಕು. ಮಿಶ್ರಣ ಬದಲಾಗಿದೆಯೇ? ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಪ್ಯಾಕೆಟ್ ಮೇಲೆ ಅಚ್ಚಾಗಿರಲೇಬೇಕು. ಹಾಗಾಗಿ ಹಳೆಯ, ಹೊಸ ಪ್ಯಾಕೆಟ್ ಎರಡನ್ನೂ ಪಕ್ಕಪಕ್ಕ ಇಟ್ಟು ಆ ಸಾಲನ್ನು ಓದಿದರೆ ಸಾಕು. ತೂಕ, ಬೆಲೆ ಹಾಗೇ ಇವೆಯೇ? ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಒಂದೇ ಆಗಿದೆಯೇ? ತಯಾರಿಕೆ ಬೇರೆ ಜಾಗಕ್ಕೆ ಹೋಗಿದ್ದರೆ ಈ ಸಂಖ್ಯೆಯೂ ಬದಲಾಗಿರುತ್ತದೆ, ಚುರುಕು ಕಣ್ಣಿನ ಗಿರಾಕಿ ಅದನ್ನು ಕಾಣದೇ ಬಿಡುವುದಿಲ್ಲ. ಕೊನೆಗೆ, ಕವರು ನಿಜಕ್ಕೂ ತೆಳ್ಳಗಾಗಿದೆಯೇ? ಇಲ್ಲಿನ ಉದಾಹರಣೆಯಲ್ಲಿ ಮಿಶ್ರಣ, ತೂಕ, ಬೆಲೆ, ಕಾರ್ಖಾನೆ ಎಲ್ಲವೂ ಮೊದಲಿನವೇ. ಕವರಿನಲ್ಲಿದ್ದ ಅಲ್ಯೂಮಿನಿಯಂ ಹಾಳೆಯ ಪದರವನ್ನು ಮಾತ್ರ ಕೈಬಿಟ್ಟು, ಲೋಹದ ತೆಳು ಲೇಪವಿರುವ ಪ್ಲಾಸ್ಟಿಕ್ ಹಾಳೆಯನ್ನು ಬಳಸಲಾಗಿದೆ. ಕೈಗೆ ತೆಳ್ಳಗೆ ತಾಗುವುದು ಅದರಿಂದಲೇ.

ಇಷ್ಟು ತಿಳಿದ ಮೇಲೆ ಉತ್ತರ ಹೀಗಿರಬಹುದು:

“ನಮಸ್ಕಾರ ಅಮ್ಮ. ನೀವು ವಾಪಸ್ ಕೊಟ್ಟ ಪ್ಯಾಕೆಟ್ ನಮ್ಮದೇ. ಜೂನ್ ತಿಂಗಳಿಂದ ಕವರು ಬದಲಾಗಿದೆ. ಇದನ್ನು ಅಂಗಡಿಗಳಲ್ಲಿ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಅದಕ್ಕೆ ಕ್ಷಮೆ ಇರಲಿ. ಪುಡಿ ಬದಲಾಗಿಲ್ಲ. ಕಾಫಿ ಶೇ 80, ಚಿಕೋರಿ ಶೇ 20. ಹಳೆಯ ಕವರು ಮನೆಯಲ್ಲಿದ್ದರೆ ಎರಡರ ಮೇಲೂ ಈ ಸಾಲು ಒಂದೇ ಇರುವುದನ್ನು ನೋಡಬಹುದು. ತೂಕವೂ ಬೆಲೆಯೂ ಹಿಂದಿನವೇ. ಕವರು ತೆಳ್ಳಗಾಗಿದೆ ಎಂದು ನೀವು ಬರೆದದ್ದು ಸರಿ. ಅಲ್ಯೂಮಿನಿಯಂ ಪದರ ತೆಗೆದಿದ್ದೇವೆ, ಇದರಿಂದ ನಮಗೆ ಸ್ವಲ್ಪ ಖರ್ಚು ಉಳಿಯುತ್ತದೆ. ಘಮ ಕಡಿಮೆ ಎನಿಸಿದ ಪ್ಯಾಕೆಟ್ಟಿನ ಬ್ಯಾಚ್ ನಂಬರ್ ತಿಳಿಸಿ. ಅದೇ ಬ್ಯಾಚಿನಿಂದ ತೆಗೆದಿಟ್ಟ ಮಾದರಿಯನ್ನು ನೋಡಿ ನಿಮಗೆ ಬರೆಯುತ್ತೇವೆ. ಹಳೆಯ ಕವರು ಮತ್ತೆ ತರುವ ತೀರ್ಮಾನ ಸದ್ಯಕ್ಕೆ ಆಗಿಲ್ಲ. ಆದರೆ ಫಿಲ್ಟರಿನ ಚಿತ್ರವಿಲ್ಲದೆ ಗುರುತು ಸಿಗಲಿಲ್ಲ ಎಂಬ ನಿಮ್ಮ ಮಾತನ್ನು ವಿನ್ಯಾಸ ನೋಡಿಕೊಳ್ಳುವವರಿಗೆ ಮುಟ್ಟಿಸಿದ್ದೇವೆ.”

ಈ ಪತ್ರದ ಮೊದಲ ವಾಕ್ಯವೇ ಅಸಲಿಯೋ ನಕಲಿಯೋ ಎಂಬ ಸಂಶಯವನ್ನು ಕಳೆಯುತ್ತದೆ. ಕ್ಷಮೆಯನ್ನೂ ಒಂದು ನಿರ್ದಿಷ್ಟ ತಪ್ಪಿಗೆ ಕೇಳಲಾಗಿದೆ. ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಸಿದ್ಧ ಸಾಲಿನಲ್ಲಿ ಯಾವ ತಪ್ಪಿನ ಪ್ರಸ್ತಾಪವೂ ಇರುವುದಿಲ್ಲ, ಅದಕ್ಕೇ ಅದನ್ನು ಯಾರೂ ನಂಬುವುದಿಲ್ಲ. ಪುಡಿ ಬದಲಾಗಿಲ್ಲ ಎಂಬ ಮಾತಿಗೆ ಗಿರಾಕಿ ತಮ್ಮ ಅಡುಗೆಮನೆಯಲ್ಲೇ ಪರೀಕ್ಷಿಸಬಹುದಾದ ಸಾಕ್ಷಿಯಿದೆ. ಖರ್ಚು ಉಳಿದ ವಿಷಯವನ್ನು ಬರೆಯಲು ಹೆಚ್ಚಿನ ಕಂಪನಿಗಳು ಹಿಂಜರಿಯುತ್ತವೆ. ‘ಪರಿಸರ ಕಾಳಜಿಯಿಂದ’ ಎಂದು ಬರೆದುಬಿಡುವುದು ಸುಲಭ. ಆದರೆ ಪದರ ಕಡಿಮೆಯಾದ ಮಾತ್ರಕ್ಕೆ ಕವರು ಮರುಬಳಕೆಗೆ ಬರುತ್ತದೆ ಎಂದೇನೂ ಇಲ್ಲ. ಬೇರೆ ಬೇರೆ ವಸ್ತುಗಳ ಹಾಳೆಗಳನ್ನು ಅಂಟಿಸಿ ಮಾಡಿದ ಕವರನ್ನು ಮತ್ತೆ ಬೇರ್ಪಡಿಸುವುದು ಕಷ್ಟ. ಕೈಯಲ್ಲಿ ಹಿಡಿದು ತೆಳ್ಳಗಿದೆ ಎಂದು ಕಂಡುಕೊಂಡವರಿಗೆ ಪರಿಸರದ ಉಪದೇಶ ಕೊಟ್ಟರೆ ಪತ್ರದ ಉಳಿದ ನಿಜವೂ ಸುಳ್ಳಿನಂತೆ ಕಾಣುತ್ತದೆ.

ಘಮದ ದೂರನ್ನು ಎಚ್ಚರದಿಂದ ಮುಟ್ಟಬೇಕು. ಕಣ್ಣಿಗೆ ಕಂಡದ್ದು ನಾಲಿಗೆಯ ಅನುಭವವನ್ನು ಬದಲಿಸುವುದುಂಟು. ಕೋಕಾಕೋಲ 2011ರ ಕೊನೆಯಲ್ಲಿ ಅಮೆರಿಕದಲ್ಲಿ ಹಿಮಕರಡಿಗಳ ಚಿತ್ರವಿದ್ದ ಬಿಳಿ ಕ್ಯಾನುಗಳನ್ನು ಬಿಡುಗಡೆ ಮಾಡಿದಾಗ, ಕೆಲವರು ಅದನ್ನು ಬೆಳ್ಳಿ ಬಣ್ಣದ ಡಯಟ್ ಕೋಕ್ ಎಂದು ತಪ್ಪು ತಿಳಿದರು. ರುಚಿಯೇ ಬೇರೆಯಾಗಿದೆ ಎಂದವರೂ ಇದ್ದರು. ಒಳಗಿನ ಪಾನೀಯ ಬದಲಾಗಿರಲಿಲ್ಲ. ಕೆಲವೇ ವಾರಗಳಲ್ಲಿ ಕೆಂಪು ಕ್ಯಾನು ಮರಳಿತು. ಹಾಗೆಂದು ‘ಅದು ನಿಮ್ಮ ಭ್ರಮೆ’ ಎಂದು ಕಾಫಿ ಕಂಪನಿ ಬರೆಯುವಂತಿಲ್ಲ. ಹುರಿದು ಪುಡಿ ಮಾಡಿದ ಕಾಫಿ ಗಾಳಿ, ತೇವ ತಗುಲಿದರೆ ಬೇಗ ಘಮ ಕಳೆದುಕೊಳ್ಳುತ್ತದೆ. ಗಾಳಿ ತಡೆಯುವುದರಲ್ಲಿ ಅಲ್ಯೂಮಿನಿಯಂ ಹಾಳೆಯೇ ಮೇಲು. ಬೆಸುಗೆಯಲ್ಲಿ ದೋಷವಿದ್ದರೂ ಘಮ ಸೋರಿಹೋಗುತ್ತದೆ. ಒಂದೇ ಬ್ಯಾಚಿನ ಬಗ್ಗೆ ಬೇರೆ ಬೇರೆ ಊರುಗಳಿಂದ ಇದೇ ದೂರು ಬಂದರೆ ಕವರನ್ನೇ ಅನುಮಾನಿಸಬೇಕು. ದೂರುಗಳು ಎಲ್ಲ ಬ್ಯಾಚುಗಳಲ್ಲೂ ಹರಡಿದ್ದು, ತೆಗೆದಿಟ್ಟ ಮಾದರಿ ಚೆನ್ನಾಗಿಯೇ ಇದ್ದರೆ ಹೊಸ ರೂಪದ ಪ್ರಭಾವ ಎನ್ನಬಹುದು. ಬ್ಯಾಚ್ ನಂಬರ್ ಕೇಳುವುದು ಇದಕ್ಕಾಗಿ.

ಹಳೆಯ ಕವರು ಮರಳುತ್ತದೆಂದು ಬಾಯಿಮಾತಿಗೆ ಒಪ್ಪಿಕೊಳ್ಳಬಾರದು. ಇಂಥ ಕವರುಗಳನ್ನು ಅಚ್ಚು ಹಾಕಲು ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಒಂದೊಂದು ಉರುಳೆ ಕೆತ್ತಿಸಬೇಕು. ಅಚ್ಚಾದ ಹಾಳೆ ದೊಡ್ಡ ಸುರುಳಿಗಳಲ್ಲಿ ಬರುತ್ತದೆ, ಅದು ಮುಗಿಯುವವರೆಗೆ ಕಂಪನಿಗೆ ಬದಲಿಸುವ ಮನಸ್ಸಿರುವುದಿಲ್ಲ. ಅಂಗಡಿಗೆ ಹೋದ ಸರಕೂ ಖರ್ಚಾಗಬೇಕು. ಮುಂದಿನ ತಿಂಗಳು ಎಂದು ಬರೆದು ಆರು ತಿಂಗಳಾದರೆ ಎರಡನೇ ಪತ್ರ ಮೊದಲಿನದಕ್ಕಿಂತ ಖಾರವಾಗಿರುತ್ತದೆ. ‘ಸ್ವಲ್ಪ ದಿನದಲ್ಲಿ ಅಭ್ಯಾಸವಾಗುತ್ತದೆ’ ಎಂಬ ಸಮಾಧಾನವೂ ಬೇಡ. ಗುರುತಿನ ತೊಡಕು ದಿನ ಕಳೆದಂತೆ ತಾನಾಗಿ ಕರಗುವುದು ನಿಜವಾದರೂ, ಅದನ್ನು ಗಿರಾಕಿಗೆ ಹೇಳುವುದು ಅವರ ಬಾಯಿ ಮುಚ್ಚಿಸಿದ ಹಾಗೆ. ಉಚಿತ ಪ್ಯಾಕೆಟ್ ಕಳಿಸುವುದಾದರೆ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ ಮೇಲೆ ಕಳಿಸಬೇಕು.

ಉತ್ತರ ಹೊರಟ ಮೇಲೆ ಪತ್ರವನ್ನು ಕಡತದಲ್ಲಿ ಹಾಕಿ ಮರೆಯುವಂತಿಲ್ಲ. ದೂರಿಗೆ ಯಾರನ್ನು ಸಂಪರ್ಕಿಸಬೇಕೆಂದು ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಅಚ್ಚು ಮಾಡುವುದು ಭಾರತದಲ್ಲಿ ಕಾನೂನಿನ ಪ್ರಕಾರವೇ ಕಡ್ಡಾಯ. ಆ ದಾರಿಯಲ್ಲಿ ಬಂದದ್ದನ್ನು ‘ಗುರುತು’, ‘ಅಗ್ಗ’, ‘ರುಚಿ’ ಎಂದು ಬೇರೆ ಬೇರೆ ಎಣಿಸಿಟ್ಟರೆ ಕೆಲವೇ ವಾರಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಗುರುತಿನ ದೂರು ಇಳಿಯುತ್ತ ಬಂದರೆ ಅಂಗಡಿಯಲ್ಲೊಂದು ಫಲಕ, ಪ್ಯಾಕೆಟ್ ಮೇಲೆ ‘ಅದೇ ಪುಡಿ, ಹೊಸ ಕವರು’ ಎಂಬ ಚೀಟಿ ಸಾಕು. ಇಳಿಯದಿದ್ದರೆ ಫಿಲ್ಟರಿನ ಚಿತ್ರವನ್ನು ಮುಂದಿನ ಅಚ್ಚಿನಲ್ಲಿ ಸೇರಿಸಬಹುದು, ಇಡೀ ವಿನ್ಯಾಸ ಬಿಸಾಡಬೇಕಿಲ್ಲ. ಹಾಗೆ ಸೇರಿಸಿದ ದಿನ, ಮೊದಲು ಬರೆದವರಿಗೆ ಎರಡು ಸಾಲಿನ ಪತ್ರ ಹೋಗಬೇಕು.